ಪದಚರ್ಚೆ: ಎಫ್‌ಡಿ ಮುರಿಸೋದಕ್ಕೆ ಬೋರ್ಡಿನಲ್ಲಿ ಏನಂತ ಬರೆಯಲಿ?

ಶಾರದಾ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ನಮ್ಮ ಊರಿನ ಒಂದು ಸಹಕಾರ ಬ್ಯಾಂಕಿಗೆ ಕೌಂಟರ್ ಪಕ್ಕ ಹಾಕುವ ಬೋರ್ಡ್ ಬರೆದುಕೊಡುತ್ತಿದ್ದೇನೆ. ಸೋಮವಾರ ಪ್ರಿಂಟಿಗೆ ಹೋಗಬೇಕು. ಎಫ್‌ಡಿಯನ್ನು ಅವಧಿಗೆ ಮೊದಲೇ ತೆಗೆಯೋದಕ್ಕೆ ಹಳೇ ಬೋರ್ಡಿನಲ್ಲಿ ‘ಅಕಾಲಿಕ ಹಿಂಪಡೆಯುವಿಕೆ’ ಅಂತಿದೆ. ಅದಕ್ಕೆ ಹಿಡಿಯುವ 1%ಗೆ ‘ದಂಡನೀಯ ಬಡ್ಡಿ ದರ’. ಹಣ ಇದ್ದಷ್ಟು ದಿನಕ್ಕೆ ನಿಜವಾಗಿ ಸಿಕ್ಕಿದ್ದಕ್ಕೆ ‘ಪರಿಣಾಮಕಾರಿ ಇಳುವರಿ’. ಇದನ್ನು ಓದಿದ ರೈತರೊಬ್ಬರು ‘ಯಾವ ಬೆಳೆದಮ್ಮಾ?’ ಅಂತ ಕೇಳಿದರು. ಏನು ಬರೆಯಲಿ?

ರಾಘವೇಂದ್ರ:
‘ಇಡುಗಂಟು’ ಅನ್ನೋ ಒಳ್ಳೇ ಪದ ಇರುವಾಗ ಎಫ್‌ಡಿ ಯಾಕೆ? ಠೇವಣಿ ಮರಾಠಿಯಿಂದ ಬಂದದ್ದು, ಮುದ್ದತು ಅರಬ್ಬಿ. ‘ಮುಂತೆಗೆತ’, ‘ಕಡಿತ’, ‘ದಿಟಗಳಿಕೆ’ ಅಂತ ಹಾಕಿ. ಮುಗಿಯಿತು.

ಪ್ರಸನ್ನ:
‘ಮುಂತೆಗೆತ’ ಅಂದ್ರೆ ಅಡ್ವಾನ್ಸ್ ತಗೊಳ್ಳೋದು ಅನ್ಕೋತಾರೆ ಸರ್. ಪದ ಹುಡುಕೋ ಬದಲು ಲೆಕ್ಕವನ್ನೇ ಬರೆದುಬಿಡಿ ಶಾರದಾ ಅವರೇ. ‘7%ಗೆ ಇಟ್ಟಿದ್ದರೆ, ಮೊದಲೇ ತೆಗೆದರೆ 6%’. ಎಲ್ಲರಿಗೂ ಅರ್ಥ ಆಗುತ್ತೆ.

ಗುರುಪಾದಪ್ಪ:
ಅರ್ಥ ಆಗುತ್ತದೆ, ಆದರೆ ತಪ್ಪು ಅರ್ಥ. ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನು ನಾನು. ಅತಿ ಜಾಸ್ತಿ ಜಗಳ ಆಗಿದ್ದು ಇದೇ ಮಾತಿಗೆ. 1%ನ್ನು ಒಪ್ಪಿಕೊಂಡ 7ರಿಂದ ಕಳೆಯುವುದಿಲ್ಲ. ಹಣ ಎಷ್ಟು ಕಾಲ ಬ್ಯಾಂಕಿನಲ್ಲಿತ್ತೋ ಅಷ್ಟು ಅವಧಿಗೆ, ನೀವು ಇಟ್ಟ ದಿನ ಯಾವ ದರ ಇತ್ತೋ ಅದರಿಂದ ಕಳೆಯುತ್ತಾರೆ.

ಒಂದು ಉದಾಹರಣೆ ನೋಡಿ. 2 ಲಕ್ಷ ರೂಪಾಯಿ 3 ವರ್ಷಕ್ಕೆ 7%ಗೆ ಇಟ್ಟಿರಿ. 15 ತಿಂಗಳಿಗೇ ಮುರಿಸಿದಿರಿ. ಇಟ್ಟ ದಿನದ ಪಟ್ಟಿಯಲ್ಲಿ 15 ತಿಂಗಳ ಠೇವಣಿಗೆ 6.8% ಇತ್ತು ಅನ್ನಿ. ಅದರಲ್ಲಿ 1 ಕಳೆದರೆ 5.8%. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ, ಹಾಗಾಗಿ ಐದು ಸಲ:

```
200000 × (1 + 0.058/4)^5 = 214927
```

ಕೈಗೆ ಬರುವ ಬಡ್ಡಿ 14,927. ಪ್ರಸನ್ನ ಹೇಳಿದ 6% ಆಗಿದ್ದರೆ 15,457 ಬರಬೇಕಿತ್ತು. ಬೋರ್ಡ್ ಓದಿಕೊಂಡು ಬಂದವರು ಆ 530 ರೂಪಾಯಿ ಎಲ್ಲಿ ಅಂತ ಕೇಳುತ್ತಾರೆ, ಕೌಂಟರಿನ ಹುಡುಗಿ ಬೈಸಿಕೊಳ್ಳುತ್ತಾಳೆ.

ಇನ್ನು ಪದದ ವಿಷಯ. ‘ದಂಡನೀಯ ಬಡ್ಡಿ’ ಖಂಡಿತ ಬೇಡ. ನಮ್ಮ ಕಡೆ ದಂಡಬಡ್ಡಿ ಅಂದರೆ ಸೊಸೈಟಿ ಸಾಲ ತಡವಾಗಿ ಕಟ್ಟಿದವರ ಮೇಲೆ ಬೀಳುವುದು. ಠೇವಣಿ ಇಟ್ಟವರು ‘ನಾನ್ಯಾವ ಸಾಲ ತಗೊಂಡಿದ್ದೆ?’ ಅಂತಾರೆ. ಸಾಲದ ಕಡೆಯಲ್ಲೂ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಅದನ್ನು ಬಡ್ಡಿಯಾಗಿ ಹಾಕಬೇಡಿ, ಶುಲ್ಕವಾಗಿ ಹಾಕಿ ಅಂತ ಹೇಳಿದೆ. ಠೇವಣಿಗೆ ಆ ಹೆಸರು ಅಂಟಿಸುವುದು ಯಾಕೆ?

ಸುಮಾ:
ಬಡ್ಡಿ ಕಡಿಮೆ ಮಾಡೋದು ಸರಿ ಸರ್. ಆದರೆ ನನಗೆ ಅಸಲೇ ಕಡಿಮೆ ಕೊಟ್ಟರು! ಮಗಳ ಕಾಲೇಜಿನ ಫೀಸಿಗೆ ಅಂತ 3 ಲಕ್ಷದ ಎಫ್‌ಡಿ ಒಂದು ವರ್ಷಕ್ಕೇ ಮುರಿಸಿದೆ. ಮೂರು ತಿಂಗಳಿಗೊಮ್ಮೆ 5,250 ಬಡ್ಡಿ ಖಾತೆಗೆ ಬರ್ತಿತ್ತು. ಕೊನೆಗೆ ಕೈಗೆ ಬಂದಿದ್ದು 2,96,400. ಇದು ದಂಡ ಅಲ್ಲದೆ ಮತ್ತೇನು? ಬೋರ್ಡಿನಲ್ಲಿ ‘ಅಸಲಿನಲ್ಲಿ ಕಡಿತ’ ಅಂತ ನೇರವಾಗಿ ಹಾಕಿ.

ಗುರುಪಾದಪ್ಪ:
ಇಲ್ಲಮ್ಮ, ಅದು ಅಸಲಿನ ಕಡಿತ ಅಲ್ಲ, ವಾಪಸ್ ವಸೂಲಿ. ವರ್ಷಕ್ಕೆ 7%ನಂತೆ ನಾಲ್ಕು ಸಲ 5,250 ಅಂದರೆ ನಿಮಗೆ ಆಗಲೇ 21,000 ಬಂದಿತ್ತು. ಮುರಿಸಿದ ಮೇಲೆ 5.8% ಅಂತ ಲೆಕ್ಕ ಹಾಕಿರಬೇಕು. ಆಗ ನಿಮಗೆ ಸಲ್ಲುವುದು 17,400. ಜಾಸ್ತಿ ಹೋದ 3,600ನ್ನು ಅಸಲಿನಲ್ಲಿ ಹಿಡಿದುಕೊಂಡರು. ನಿಮ್ಮ ಅಂಕಿಗೆ ಸರಿಯಾಗಿ ಕೂಡುತ್ತದೆ ನೋಡಿ. ಬಡ್ಡಿ ತಿಂಗಳಿಗೋ ಮೂರು ತಿಂಗಳಿಗೋ ಕೈಗೆ ಬರುವ ಠೇವಣಿಯಲ್ಲಿ ಮಾತ್ರ ಹೀಗೆ ಕಾಣುತ್ತದೆ.

ಸುಮಾ:
ಓ. ಅದನ್ನು ಆವತ್ತೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ನಾನು ಮ್ಯಾನೇಜರ್ ಹತ್ರ ಅಷ್ಟು ಹೊತ್ತು ಕೂಗಾಡ್ತಾ ಇರಲಿಲ್ಲ.

ರಾಘವೇಂದ್ರ:
ಕೇಳಿದ್ದು ಪದ, ಇಲ್ಲಿ ನಡೀತಿರೋದು ಟ್ಯೂಷನ್. ‘ಶುಲ್ಕ’ ಸಂಸ್ಕೃತ, ‘ವಸೂಲಿ’ ಅರಬ್ಬಿ, ‘ಅಸಲು’ ಅದೂ ಅರಬ್ಬಿ. ಇಡೀ ಮಾತಿನಲ್ಲಿ ಕನ್ನಡದ್ದು ಅಂತ ಉಳಿದಿರೋದು ‘ಬಡ್ಡಿ’ ಒಂದೇ.

ಗುರುಪಾದಪ್ಪ:
ಅದೂ ಇಲ್ಲ ಸ್ವಾಮಿ. ಬಡ್ಡಿ ‘ವೃದ್ಧಿ’ಯ ತದ್ಭವ.

ರಾಘವೇಂದ್ರ:
ತದ್ಭವ ಆದ ಮೇಲೆ ಅದು ಕನ್ನಡವೇ. ನಮ್ಮ ನಾಲಿಗೆಗೆ ಒಗ್ಗಿದೆ.

ಪ್ರಸನ್ನ:
ಹಾಗಾದ್ರೆ ಎಫ್‌ಡಿಯೂ ನಾಲಿಗೆಗೆ ಒಗ್ಗಿದೆ. ನಮ್ಮಜ್ಜಿ ಎಫ್‌ಡಿ ಅಂತಾರೆ, ಇಡುಗಂಟು ಅಂದಿದ್ದು ನಾನು ಕೇಳೇ ಇಲ್ಲ.

ರಾಘವೇಂದ್ರ:
ಅಜ್ಜಿಯರು ನಿಘಂಟು ಬರೆಯೋದಿಲ್ಲ.

ಶಾರದಾ:
ದಯವಿಟ್ಟು ಜಗಳ ಸೋಮವಾರದ ಮೇಲೆ ಇಟ್ಕೊಳ್ಳಿ. ‘ಅಕಾಲಿಕ’ ಬಿಟ್ಟೆ. ಅದರ ಪಕ್ಕ ಮಳೆಯೋ ಮರಣವೋ ಬರಬೇಕು. ‘ಅವಧಿಗೆ ಮುನ್ನ ಮುರಿಸಿದರೆ’ ಅಂತ ಹಾಕ್ತೀನಿ. ಜನ ಬ್ಯಾಂಕಿಗೆ ಬಂದು ‘ಎಫ್‌ಡಿ ಮುರಿಸಬೇಕು’ ಅಂತಲೇ ತಾನೇ ಹೇಳೋದು? ದಂಡದ ಜಾಗಕ್ಕೆ ರಾಘವೇಂದ್ರ ಅವರ ‘ಕಡಿತ’ವೇ ಇರಲಿ, ‘ದರದಲ್ಲಿ 1% ಕಡಿತ’. ಉಳಿದಿದ್ದು ಆ ಇಳುವರಿ.

ಪ್ರಸನ್ನ:
ಅದಕ್ಕೆ ಪದ ಯಾಕೆ, ಅಂಕಿ ಸಾಕಲ್ವಾ? ಗುರುಪಾದಪ್ಪನವರ ಲೆಕ್ಕದಲ್ಲಿ 2 ಲಕ್ಷಕ್ಕೆ 14,927. ಅಂದ್ರೆ 7.46%. ಒಂದು ನಿಮಿಷ. ಇದು ಒಪ್ಪಿಕೊಂಡ 7ಕ್ಕಿಂತ ಜಾಸ್ತಿನೇ ಆಯ್ತಲ್ಲ? ನಷ್ಟ ಎಲ್ಲಿ?

ಗುರುಪಾದಪ್ಪ:
7.46 ಬಂದಿದ್ದು 15 ತಿಂಗಳಿಗೆ ಮಾರಾಯ, ವರ್ಷಕ್ಕಲ್ಲ. ವರ್ಷದ ಲೆಕ್ಕಕ್ಕೆ ಇಳಿಸಿದರೆ 5.93%. ಬಡ್ಡಿಗೆ ಬಡ್ಡಿ ಸೇರುವುದರಿಂದ 5.8ಕ್ಕಿಂತ ಸ್ವಲ್ಪ ಮೇಲೆ. 7%ಗೇ ಅದೇ 15 ತಿಂಗಳು ಓಡಿದ್ದರೆ 18,123 ಆಗುತ್ತಿತ್ತು. ಕೈತಪ್ಪಿದ್ದು 3,196. ಶಾರದಾ ಅವರೇ, ಇದಕ್ಕೇ ನಿಮ್ಮ ಪದದಲ್ಲಿ ‘ವರ್ಷಕ್ಕೆ’ ಇರಲೇಬೇಕು. ‘ವರ್ಷಕ್ಕೆ ಬಿದ್ದ ನಿಜ ಬಡ್ಡಿ’ ಅಂದರೆ ನನಗೆ ಸಾಕು.

ರಾಘವೇಂದ್ರ:
‘ಬಿದ್ದ’ ಅಂದ್ರೆ ಸಾಲಗಾರನ ಮಾತು. ಬಡ್ಡಿ ಬೀಳೋದು ಕಟ್ಟುವವನ ತಲೆ ಮೇಲೆ. ಇಟ್ಟವನಿಗೆ ಬಡ್ಡಿ ‘ಬರುತ್ತೆ’.

ಗುರುಪಾದಪ್ಪ:
ಇದು ಮಾತ್ರ ಸರಿ. ಒಪ್ಪಿದೆ.

ಶಾರದಾ:
ಹಾಗಾದರೆ ಬೋರ್ಡ್ ಹೀಗೆ:

“ಠೇವಣಿಯನ್ನು ಅವಧಿಗೆ ಮುನ್ನ ಮುರಿಸಿದರೆ, ಹಣ ಬ್ಯಾಂಕಿನಲ್ಲಿದ್ದ ಅವಧಿಗೆ ನೀವು ಇಟ್ಟ ದಿನ ಇದ್ದ ದರದಲ್ಲಿ 1% ಕಡಿತ ಮಾಡಿ ಬಡ್ಡಿ ಕೊಡಲಾಗುವುದು. ಈಗಾಗಲೇ ಪಡೆದ ಬಡ್ಡಿ ಇದಕ್ಕಿಂತ ಹೆಚ್ಚಿದ್ದರೆ, ಹೆಚ್ಚಿನ ಮೊತ್ತವನ್ನು ಅಸಲಿನಲ್ಲಿ ಹಿಡಿದುಕೊಳ್ಳಲಾಗುವುದು. ವರ್ಷಕ್ಕೆ ಬಂದ ನಿಜ ಬಡ್ಡಿ ಎಷ್ಟೆಂದು ಕೌಂಟರಿನಲ್ಲಿ ಕೇಳಿ.”

ಸುಮಾ:
ಎರಡನೇ ಸಾಲು ದಪ್ಪಕ್ಷರದಲ್ಲಿ ಹಾಕಿಸಿ.

ಗುರುಪಾದಪ್ಪ:
ಒಂದು ಬಿಟ್ಟುಹೋಗಿದೆ. ಈಗೀಗ 400 ಚಿಲ್ಲರೆ ದಿನದ ವಿಶೇಷ ಠೇವಣಿಗೆ 3 ವರ್ಷದ್ದಕ್ಕಿಂತ ಜಾಸ್ತಿ ದರ ಇರುವುದುಂಟು. 3 ವರ್ಷಕ್ಕೆ ಇಟ್ಟವರು ಸರಿಯಾಗಿ ಅಷ್ಟೇ ದಿನಕ್ಕೆ ಮುರಿಸಿ ‘ಆ ಜಾಸ್ತಿ ದರ ಕೊಡಿ’ ಅಂದರೆ? ಅದಕ್ಕೇ ಬ್ಯಾಂಕಿನವರು ‘ಆ ಅವಧಿಯ ದರ, ಒಪ್ಪಿಕೊಂಡ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು’ ಅಂತ ಇಟ್ಟುಕೊಂಡಿರುತ್ತಾರೆ. ನಿಮ್ಮ ಬ್ಯಾಂಕಿನ ನಿಯಮ ಹಾಗೇ ಇದೆಯಾ ಅಂತ ಕೇಳಿ, ಇದ್ದರೆ ಸೇರಿಸಿ.

ಶಾರದಾ:
ಬೋರ್ಡಿನಲ್ಲಿ ಜಾಗ ಇಲ್ಲ ಸರ್! ಸರಿ, ಬೆಳಿಗ್ಗೆ ಕೇಳಿ ಬರ್ತೀನಿ.

ರಾಘವೇಂದ್ರ:
‘ಠೇವಣಿ’ ತೆಗೆದು ‘ಇಡುಗಂಟು’ ಹಾಕಿದರೂ ಜಾಗ ಉಳಿಯೋದಿಲ್ಲ, ಗೊತ್ತು. ಆದರೂ ಹಾಕಿ.