ಚಂದ್ರಯಾನ-3ರ ಮೊದಲ ಕಕ್ಷೆ: ಹತ್ತಿರದ ತುದಿಯಲ್ಲಿ ವೇಗ ಎಷ್ಟು, ದೂರದ ತುದಿಯಲ್ಲಿ ಎಷ್ಟು?

ಪಿಯುಸಿ ವಿದ್ಯಾರ್ಥಿನಿ, ಮಂಡ್ಯ: ಸರ್, 2023ರ ಜುಲೈನಲ್ಲಿ ಚಂದ್ರಯಾನ-3 ಮೊದಲು ಸೇರಿದ ಕಕ್ಷೆಯ ಎತ್ತರ 170 ಕಿ.ಮೀ., 36,500 ಕಿ.ಮೀ. ಕೋನೀಯ ಸಂವೇಗದಿಂದ ಲೆಕ್ಕ ಹಾಕಿದೆ, ಹತ್ತಿರದಲ್ಲಿ ವೇಗ ಸುಮಾರು 215 ಪಟ್ಟು ಜಾಸ್ತಿ ಅಂತ ಬಂತು. v = √(GM/r) ಹಾಕಿದರೆ 7.8 ಮತ್ತು 3.05 ಕಿ.ಮೀ./ಸೆ. ಬರುತ್ತದೆ. ಯಾವುದು ಸರಿ?

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮೈಸೂರು: ಎರಡೂ ಅಲ್ಲಮ್ಮಾ. ಆದರೆ ಮೊದಲನೆಯದರ ದಾರಿ ಸರಿ ಇದೆ, ಹಾಕಿದ ಅಂಕಿ ಮಾತ್ರ ತಪ್ಪು. ದೂರವನ್ನು ನೆಲದಿಂದ ಅಳೆಯಬಾರದು, ಭೂಮಿಯ ಕೇಂದ್ರದಿಂದ ಅಳೆಯಬೇಕು. ಎರಡಕ್ಕೂ 6,378 ಸೇರಿಸು. ಆಗ 6,548 ಮತ್ತು 42,878 ಆಗುತ್ತದೆ. ಭಾಗಿಸಿದರೆ 6.55. ಅಂದರೆ ಹತ್ತಿರದ ತುದಿಯಲ್ಲಿ ಆರೂವರೆ ಪಟ್ಟು ವೇಗ, ಅಷ್ಟೇ.

ಆದರೆ ಇದು ಬರೀ ಅನುಪಾತ. ಗೊತ್ತಿಲ್ಲದ ವೇಗ ಎರಡು, ಸಮೀಕರಣ ಒಂದೇ. ಇನ್ನೊಂದನ್ನು ಶಕ್ತಿಯಿಂದ ತರಬೇಕು. ಮೇಲಿನಿಂದ ಕೆಳಗೆ ಬರುವಾಗ ಕಳೆದುಕೊಂಡ ಸ್ಥಿತಿಶಕ್ತಿಯೆಲ್ಲ ಚಲನಶಕ್ತಿ ಆಗುತ್ತದೆ. ಇಲ್ಲಿ mgh ಬಳಸಬೇಡ, ಅಷ್ಟು ಎತ್ತರದವರೆಗೆ g ಒಂದೇ ಇರುವುದಿಲ್ಲ. ಭೂಮಿಗೆ GM = 398600 (ಕಿ.ಮೀ., ಸೆಕೆಂಡುಗಳಲ್ಲಿ) ಅಂತ ಇಟ್ಟುಕೋ. p ಹತ್ತಿರದ ತುದಿ, a ದೂರದ್ದು:

```
vp² − va² = 2GM(1/rp − 1/ra) = 103.15
va = vp / 6.548
vp² (1 − 1/42.88) = 103.15
vp = 10.28,  va = 1.57
```

ಕೈಯಲ್ಲಿ ಲೆಕ್ಕ ಮಾಡಿದ ಮೇಲೆ ಒಂದು ಸಲ ಹೀಗೆ ನೋಡಿಬಿಡು. ಹತ್ತಿರದ ತುದಿಯ ವೇಗ ಅದೇ ಜಾಗದ ವೃತ್ತದ ವೇಗಕ್ಕಿಂತ ಜಾಸ್ತಿ ಇರಬೇಕು, ಅದರ √2 ಪಟ್ಟಿಗಿಂತ ಕಡಿಮೆ ಇರಬೇಕು. ಇಲ್ಲಿ ಅದು 7.80ರಿಂದ 11.03ರ ನಡುವೆ. 10.28 ಒಳಗೇ ಇದೆ. 11.03 ದಾಟಿದರೆ ನೌಕೆ ವಾಪಸ್ ಬರುವುದೇ ಇಲ್ಲ, ಅಂದರೆ ಲೆಕ್ಕ ಎಲ್ಲೋ ಕೆಟ್ಟಿದೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು: ಇಷ್ಟೆಲ್ಲ ಯಾಕೆ ಸರ್? ಕೋನೀಯ ಸಂವೇಗ ಕಕ್ಷೆಯ ಎಲ್ಲ ಕಡೆ ಒಂದೇ ಅಲ್ವಾ? ಒಂದು ಕಡೆ ವೇಗ ಸಿಕ್ಕರೆ ಸಾಕು, v × r ಒಂದೇ ಅಂತ ಎಲ್ಲಿ ಬೇಕಾದರೂ ತೆಗೀಬಹುದು.

ಉಪನ್ಯಾಸಕ: ಮೊದಲ ಮಾತು ಸರಿ ಕಣಪ್ಪಾ, ಎರಡನೆಯದು ಅಲ್ಲ. v × r ಅಂತ ಸುಮ್ನೆ ಗುಣಿಸುವುದು ಆ ಎರಡು ತುದಿಗಳಲ್ಲಿ ಮಾತ್ರ ನಡೆಯುತ್ತದೆ. ಅಲ್ಲಿ ವೇಗ ತ್ರಿಜ್ಯಕ್ಕೆ ಲಂಬವಾಗಿರುತ್ತದೆ. ಉಳಿದ ಕಡೆ ಓರೆಯಾಗಿರುತ್ತದೆ, sin ಸೇರಿಸಬೇಕು. ಕೇಂದ್ರದಿಂದ 24,713 ಕಿ.ಮೀ. ದೂರದಲ್ಲಿ ನೋಡು, ಅದು ಎರಡೂ ದೂರಗಳ ಸರಾಸರಿ. ನಿನ್ನ ಸೂತ್ರ 2.72 ಕೊಡುತ್ತದೆ. ಶಕ್ತಿಯಿಂದ ತೆಗೆದರೆ 4.02. ಅಲ್ಲಿ ಶಕ್ತಿಯನ್ನೇ ನಂಬು, ಅದಕ್ಕೆ ಕೋನ ಬೇಕಾಗಿಲ್ಲ.

ಡಿಶ್ ಅಂಗಡಿಯವರು, ಶ್ರೀರಂಗಪಟ್ಟಣ: ನಾನು ಇಪ್ಪತ್ತು ವರ್ಷದಿಂದ ಡಿಶ್ ಕೂರಿಸ್ತಿದ್ದೀನಿ. ಆ ಉಪಗ್ರಹಗಳೂ 36 ಸಾವಿರ ಕಿ.ಮೀ. ಮೇಲೇ ಇರೋದು. ಅವು ಒಂದೇ ಕಡೆ ನಿಂತಿರ್ತವೆ, ಇಲ್ಲಾಂದ್ರೆ ದಿನಾ ಡಿಶ್ ತಿರುಗಿಸಬೇಕಾಗ್ತಿತ್ತು. ವೇಗ ಬದಲಾಗೋ ಮಾತೇ ಇಲ್ಲ.

ಉಪನ್ಯಾಸಕ: ನೀವು ಹೇಳೋದು ವೃತ್ತದ ಕಕ್ಷೆ ಸ್ವಾಮಿ, 35,786 ಕಿ.ಮೀ. ಎತ್ತರದ್ದು. ನಮಗೆ ನಿಂತ ಹಾಗೆ ಕಂಡರೂ ಸೆಕೆಂಡಿಗೆ 3.07 ಕಿ.ಮೀ. ಓಡುತ್ತಿರುತ್ತವೆ, ಭೂಮಿ ತಿರುಗುವುದಕ್ಕೆ ಸರಿಯಾಗಿ. ಒಳ್ಳೇದೇ ಆಯಿತು ಕೇಳಿದ್ದು. ಹೆಚ್ಚುಕಡಿಮೆ ಅದೇ ಎತ್ತರ ತಲುಪಿದ ಚಂದ್ರಯಾನದ ವೇಗ 1.57 ಮಾತ್ರ. ಅಲ್ಲೇ ಸುತ್ತಲು ಬೇಕಾದದ್ದರ ಅರ್ಧ. ಅದಕ್ಕೇ ಮತ್ತೆ ಕೆಳಗೆ ಬೀಳುತ್ತದೆ. ನಿಮ್ಮ ಉಪಗ್ರಹಗಳಲ್ಲೂ ಬಹಳಷ್ಟು ಹೀಗೇ ಉದ್ದನೆಯ ಕಕ್ಷೆಯಲ್ಲಿ ಮೇಲೆ ಹೋಗಿ, ಅಲ್ಲಿ ಎಂಜಿನ್ ಉರಿಸಿ ಆ ಕೊರತೆ ತುಂಬಿಕೊಳ್ಳುತ್ತವೆ.

ವಿದ್ಯಾರ್ಥಿನಿ: ಸರ್, ತುದಿಯಲ್ಲಿ ವೇಗ ಲಂಬವೇ, ಬಲ ಕೇಂದ್ರದ ಕಡೆಗೇ. ಹಾಗಿದ್ದರೆ mv²/r = GMm/r² ಅಲ್ಲಿ ಯಾಕೆ ನಡೆಯೋಲ್ಲ?

ಉಪನ್ಯಾಸಕ: ಬಲಗಡೆಯ r ಸರಿ, ಅದು ಭೂಮಿಯ ಕೇಂದ್ರಕ್ಕೆ ಇರುವ ದೂರ. ಎಡಗಡೆ ಇರಬೇಕಾದದ್ದು ದಾರಿ ಎಷ್ಟು ಬಾಗಿದೆ ಅನ್ನುವ ತ್ರಿಜ್ಯ. ವೃತ್ತದಲ್ಲಿ ಎರಡೂ ಒಂದೇ ಆಗಿರುವುದರಿಂದ ನಮಗೆ ಬೇರೆ ಅಂತ ಅನ್ನಿಸುವುದೇ ಇಲ್ಲ. ದೀರ್ಘವೃತ್ತದ ಎರಡು ತುದಿಗಳೂ ಒಂದೇ ಥರ ಬಾಗಿರುತ್ತವೆ. ಈ ಕಕ್ಷೆಯಲ್ಲಿ ಆ ತ್ರಿಜ್ಯ ಎರಡೂ ಕಡೆ ಸುಮಾರು 11,360 ಕಿ.ಮೀ. ಅದನ್ನು ಎಡಗಡೆ ಹಾಕು, 10.28 ಮತ್ತು 1.57 ತಾವೇ ಬರುತ್ತವೆ.

ಎಂಜಿನಿಯರಿಂಗ್ ವಿದ್ಯಾರ್ಥಿ: 170 ಕಿ.ಮೀ.ಯಲ್ಲಿ ಸ್ವಲ್ಪ ಗಾಳಿ ಇರುತ್ತಲ್ಲ ಸರ್? ಶಕ್ತಿ ಅಲ್ಲಿ ಸೋರಿ ಹೋಗಲ್ವಾ?

ಉಪನ್ಯಾಸಕ: ಹೋಗುತ್ತದೆ. ಪ್ರತಿ ಸುತ್ತಿಗೂ ಹತ್ತಿರದ ತುದಿಯಲ್ಲಿ ಚೂರು ವೇಗ ಕಡಿಮೆಯಾಗಿ, ದೂರದ ತುದಿ ಕೆಳಗಿಳಿಯುತ್ತಾ ಬರುತ್ತದೆ. ಒಂದು ಸುತ್ತಿನ ಮಟ್ಟಿಗೆ ನಮ್ಮ ಲೆಕ್ಕ ಸಾಕು. ಎಷ್ಟು ಇಳಿಯುತ್ತದೆ ಅನ್ನುವುದು ನೌಕೆಯ ಆಕಾರ, ಆ ದಿನದ ಸೂರ್ಯನ ಚಟುವಟಿಕೆ, ಎರಡರ ಮೇಲೂ ನಿಂತಿದೆ. ಅದಕ್ಕೆ ಈ ಎರಡು ಸಮೀಕರಣ ಸಾಲದು. ಗಾಳಿಯ ಸಾಂದ್ರತೆಯ ಪಟ್ಟಿ ಇದ್ದವರು ಯಾರಾದರೂ ಹಾಕಿದರೆ ಮುಂದೆ ಮಾಡೋಣ.