ಸಹಾಯ ಬೇಕು: ಬ್ರೋಮಿನ್, ಕ್ಲೋರಿನ್ ಎರಡೂ ಇರುವ ಅಣುವಿನ ಪೀಕ್ ಅನುಪಾತ ಹೊಂದುತ್ತಿಲ್ಲ

ಎಲ್ಲರಿಗೂ ನಮಸ್ಕಾರ. 1-ಬ್ರೋಮೊ-4-ಕ್ಲೋರೊಬೆಂಜೀನ್‌ನ (C₆H₄BrCl) ಜಿಸಿ-ಎಂಎಸ್ ಸ್ಪೆಕ್ಟ್ರಮ್ ನೋಡುತ್ತಿದ್ದೇನೆ. ಅಣುವಿನ ಪೀಕ್‌ಗಳು 190, 192, 194ರಲ್ಲೇ ಬಂದಿವೆ. ಎತ್ತರ ಮಾತ್ರ ಸರಿಯಾಗಿಲ್ಲ.

ನನ್ನ ಲೆಕ್ಕ ಹೀಗಿದೆ. ಕ್ಲೋರಿನ್ 35 ಮತ್ತು 37 ಸುಮಾರು 3:1 ಇರುತ್ತವೆ. ಬ್ರೋಮಿನ್ 79 ಮತ್ತು 81 ಹೆಚ್ಚುಕಡಿಮೆ 1:1. 192 ಎರಡು ದಾರಿಯಲ್ಲಿ ಬರುತ್ತದೆ: 35 ಜೊತೆ 81, ಇಲ್ಲವೇ 37 ಜೊತೆ 79. ಹಾಗಾಗಿ 3:4:1 ಬರಬೇಕು. ನಿಖರವಾಗಿ ಗುಣಿಸಿದರೆ 77:100:24. ಮಧ್ಯದ ಪೀಕೇ ಎತ್ತರ, ಅದೇ ಇದರ ಗುರುತು ಅಲ್ವಾ?

ನನಗೆ ಸಿಕ್ಕಿದ್ದು ಸುಮಾರು 86:100:29. ಎರಡು ಕ್ಲೋರಿನ್ ಇದ್ದಿದ್ದರೆ 9:6:1, ಎರಡು ಬ್ರೋಮಿನ್ ಇದ್ದಿದ್ದರೆ 1:2:1 ಬರುತ್ತಿತ್ತು. ಅವೆರಡೂ ಇದಕ್ಕೆ ಹೊಂದುವುದಿಲ್ಲ.

ಸ್ಯಾಂಪಲ್ ಜಾಸ್ತಿ ಆಗಿ ಡಿಟೆಕ್ಟರ್ ತುಂಬಿಹೋಗಿದೆ ಅನ್ನುವುದು ನನ್ನ ಅನುಮಾನ. ಆಗ ಅತಿ ಎತ್ತರದ ಪೀಕ್ ತಲೆ ಕತ್ತರಿಸಿದ ಹಾಗೆ ಗಿಡ್ಡ ಆಗುತ್ತದೆ. ಅದನ್ನೇ 100 ಎಂದು ಹಿಡಿಯುವುದರಿಂದ ಉಳಿದವು ಸುಮ್ನೆ ಎತ್ತರ ಕಾಣುತ್ತವೆ. ಇದಕ್ಕೆ ಒಂದು ಆಧಾರವೂ ಇದೆ. ಬ್ರೋಮಿನ್ ಕಳೆದುಕೊಂಡ ತುಣುಕಿನ ಪೀಕ್‌ಗಳು, ಅಂದರೆ 111 ಮತ್ತು 113, ಎತ್ತರದಲ್ಲಿ ಕಡಿಮೆ ಇದ್ದರೂ ಸರಿಯಾಗಿ 3:1 ಇವೆ.

ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿದರೆ ಸಾಕೇ, ಡಿಟೆಕ್ಟರ್ ವೋಲ್ಟೇಜನ್ನೂ ಇಳಿಸಬೇಕೇ? ಈಗಿನ ಡೇಟಾದಲ್ಲೇ ಜಿಸಿ ಪೀಕ್‌ನ ತುದಿ ಬಿಟ್ಟು ಬದಿಯ ಸ್ಕ್ಯಾನ್‌ಗಳಿಂದ ಅನುಪಾತ ತೆಗೆದರೆ ನಂಬಬಹುದೇ? ಇಂಥದ್ದನ್ನು ಎದುರಿಸಿದವರು ದಯವಿಟ್ಟು ಹೇಳಿ.