'ಮಾವ' ಎನ್ನುವಾಗ ಮೂಗು ಸೋಕುವ ಆ: ಇದಕ್ಕೆ ಕನ್ನಡದಲ್ಲಿ ಹೆಸರೇನು?

ಸುಮಾ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಮಕ್ಕಳ ಕಥೆ ಓದಿ ರೆಕಾರ್ಡ್ ಮಾಡಿಕೊಡುವುದು ನನ್ನ ಕೆಲಸ. ರಾತ್ರಿ ಗಾಡಿಗಳ ಸದ್ದು ಇಳಿದ ಮೇಲೆ ಮನೆಯಲ್ಲೇ ಓದುತ್ತೇನೆ. ಹೋದ ವಾರ ಒಂದು ಕಥೆ ವಾಪಸ್ ಬಂತು. "ಮಾವ ಅನ್ನೋದು ಮಾಂವ ಅಂತ ಕೇಳಿಸುತ್ತಿದೆ, ಮತ್ತೆ ಓದಿ" ಅಂತ ಬರೆದಿದ್ದರು. ಮೂರು ಸಲ ಓದಿದೆ, ಮೂರೂ ಸಲ ಅದೇ ಮಾತು.

ಕೊನೆಗೆ ರೆಕಾರ್ಡಿಂಗ್‌ನಲ್ಲಿ 'ಮಾವ' ಅನ್ನೋ ಕಡೆ ಮ್ ಅನ್ನು ಕತ್ತರಿಸಿ ತೆಗೆದೆ. ಉಳಿದ ಆ ಒಂದನ್ನೇ ಹಾಕಿ ಕೇಳಿದೆ. ನಿಜವಾಗಿಯೂ ಆಂ ಅಂತಲೇ ಇದೆ! 'ಬಾವಿ'ಯಿಂದ ಕತ್ತರಿಸಿದ ಆ ಹಾಗಿಲ್ಲ, ಅದು ಶುದ್ಧ ಆ.

ಈ ಸ್ವರಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ಅನುನಾಸಿಕ ಅಂದರೆ ಶಾಲೆಯಲ್ಲಿ ಕಲಿತ ಙ ಞ ಣ ನ ಮ. ಅನುಸ್ವಾರ ಅಂದರೆ ಸೊನ್ನೆ. ಇದು ಎರಡೂ ಅಲ್ಲ, ಅಲ್ವಾ? ಮತ್ತೆ, ಇದು ನನ್ನ ಉಚ್ಚಾರದ ತಪ್ಪಾ?

ರಾಜಶೇಖರ

ಸುಮಾ ಅವರೇ, ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಮೂಗಿನ ಸ್ವರ ಅಂತ ನಮ್ಮಲ್ಲಿ ಬೇರೆ ಅಕ್ಷರವೇ ಇಲ್ಲ. ಸೊನ್ನೆ ಬರೆದರೂ ಅದು ಮುಂದಿನ ಅಕ್ಷರಕ್ಕೆ ತಕ್ಕ ವ್ಯಂಜನವೇ ಆಗುತ್ತದೆ. ಅಂಗಿಯಲ್ಲಿ ಙ್, ಅಂಚಿನಲ್ಲಿ ಞ್, ಅಂಟಿನಲ್ಲಿ ಣ್, ಅಂದದಲ್ಲಿ ನ್, ಅಂಬಿನಲ್ಲಿ ಮ್. ಹಾಗಿರುವಾಗ 'ಮಾವ'ದಲ್ಲಿ ಆಂ ಬಂದರೆ ಅದು ತಪ್ಪೇ. ನಿಮಗೆ ಶೀತ ಆಗಿರಬೇಕು. ಶೀತ ಆದಾಗ ಮಾತೆಲ್ಲ ಮೂಗಿನಲ್ಲಿ ಬರುತ್ತದೆ. ನಾಲ್ಕು ದಿನ ಬಿಸಿ ಕಷಾಯ ಕುಡಿದು ಮತ್ತೆ ಓದಿ ನೋಡಿ.

ಪ್ರೆಸಿಲ್ಲಾ

ನಮ್ಮ ಮಂಗಳೂರು ಕೊಂಕಣಿಯಲ್ಲಿ ಇಂಥ ಸ್ವರ ಬೇಕಾದಷ್ಟಿವೆ. ಹಾಂವ್ ಅಂದರೆ ನಾನು, ತೂಂ ಅಂದರೆ ನೀನು. ತೆ ಅಂದರೆ 'ಅವರು', ಗಂಡಸರ ಬಗ್ಗೆ ಹೇಳುವಾಗ. ತೆಂ ಅಂದರೆ 'ಅದು'. ಮೂಗು ಬಿಟ್ಟರೆ ಅರ್ಥವೇ ಬೇರೆ ಆಗಿಬಿಡುತ್ತದೆ. ಕನ್ನಡ ಲಿಪಿಯಲ್ಲಿ ಇದನ್ನು ಸೊನ್ನೆಯಿಂದಲೇ ಬರೆಯುತ್ತೇವೆ. ಅದನ್ನು ಕಂಡು ಬೆಂಗಳೂರಿನ ನನ್ನ ಗೆಳತಿಯರು "ತೆಮ್" ಅಂತ ಓದುತ್ತಾರೆ, ನನಗೆ ಬಹಳ ಬೇಜಾರಾಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೂ ಚಂದ್ರಬಿಂದು ಇದೆ, U+0C81, 2014ರಲ್ಲಿ ಸೇರಿತು. ಸುಮಾ, ನೀವು ಅದನ್ನು ಬಳಸಿ ಬರೆಯಬಹುದು. ಆದರೆ ಎಲ್ಲ ಫಾಂಟುಗಳಲ್ಲೂ ಅದು ಕಾಣುವುದಿಲ್ಲ.

ನಾಗರತ್ನ

ಪ್ರೆಸಿಲ್ಲಾ, ಸುಮಾ ಕೇಳಿದ್ದು ಬರೆಯುವುದರ ಬಗ್ಗೆ ಅಲ್ಲ. ಆದರೆ ನಿಮ್ಮ ತೆ ಮತ್ತು ತೆಂ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತವೆ. ಕೊಂಕಣಿಯಲ್ಲಿ ಮಾತಾಡುವವರು ಬೇಕೆಂದೇ ಸ್ವರಕ್ಕೆ ಮೂಗು ಸೇರಿಸುತ್ತಾರೆ. ಸುಮಾ ಅವರ ಆ ಹಾಗಲ್ಲ. ಪಕ್ಕದ ಮ್‌ನಿಂದ ಅದಕ್ಕೆ ತಾನಾಗಿ ಹತ್ತಿಕೊಂಡದ್ದು.

ರಾಜಶೇಖರ ಸರ್ ಸೊನ್ನೆಯ ಬಗ್ಗೆ ಹೇಳಿದ್ದು ಸರಿ. ಶೀತದ ಮಾತು ಮಾತ್ರ ತಲೆಕೆಳಗು. ಮೂಗು ಕಟ್ಟಿದವರು 'ಮಾವ' ಅನ್ನಲು ಹೋದರೆ 'ಬಾವ' ಅಂತ ಕೇಳಿಸುತ್ತದೆ. ಮೂಗು ಹಿಡಿದುಕೊಂಡು ಹೇಳಿ ನೋಡಿ ಸರ್, ಗೊತ್ತಾಗುತ್ತದೆ. ಆಗ ಗಾಳಿ ಮೂಗಿನಿಂದ ಹೋಗುವುದು ಕಡಿಮೆ, ಜಾಸ್ತಿ ಅಲ್ಲ. ಎರಡನ್ನೂ ನಾವು 'ಮೂಗಿನ ಮಾತು' ಅನ್ನುವುದರಿಂದ ಈ ಗೊಂದಲ.

ಈಗ ಮಾವನ ವಿಷಯ. ಬಾಯಿಯ ಚಾವಣಿಯ ಹಿಂಭಾಗ ಮೆತ್ತಗಿದೆ, ಅದರ ತುದಿಯಲ್ಲೇ ಕಿರುನಾಲಗೆ ತೂಗುವುದು. ಆ ಮೆದು ಅಂಗುಳು ಕೆಳಗಿಳಿದರೆ ಮೂಗಿನ ದಾರಿ ತೆರೆಯುತ್ತದೆ, ಮೇಲೆದ್ದರೆ ಮುಚ್ಚುತ್ತದೆ. ಮ್ ಅನ್ನುವಾಗ ತುಟಿ ಮುಚ್ಚಿರುತ್ತದೆ, ಅಂಗುಳು ಇಳಿದಿರುತ್ತದೆ. ತುಟಿ ತಟ್ಟನೆ ಬಿಡುತ್ತದೆ. ಅಂಗುಳು ಅಷ್ಟು ಚುರುಕಲ್ಲ. ಅದು ಏಳುವಷ್ಟರಲ್ಲಿ ಆ ಶುರುವಾಗಿ ಹೋಗಿರುತ್ತದೆ. ಹಾಗಾಗಿ ಆ ಹೊತ್ತಿನ ಆ ಬಾಯಿಂದಲೂ ಬರುತ್ತದೆ, ಮೂಗಿಂದಲೂ ಬರುತ್ತದೆ.

ಎಷ್ಟು ಹೊತ್ತು ಅನ್ನುವುದನ್ನು ಮುಂದಿನ ಅಕ್ಷರ ತೀರ್ಮಾನಿಸುತ್ತದೆ. 'ಮಾತು' ತಗೊಳ್ಳಿ. ತ್ ಹೇಳಲು ಬಾಯಿಯೊಳಗೆ ಗಾಳಿ ಒತ್ತಿ ನಿಲ್ಲಬೇಕು, ಮೂಗಿನಿಂದ ಸೋರಿದರೆ ಒತ್ತಡ ನಿಲ್ಲುವುದಿಲ್ಲ. ಅದಕ್ಕೇ ತ್ ಬರುವಷ್ಟರಲ್ಲಿ ಅಂಗುಳು ಎದ್ದು ದಾರಿ ಮುಚ್ಚಲೇಬೇಕು, ಆ ಕೊನೆಗೆ ಶುದ್ಧವಾಗುತ್ತದೆ. 'ಮಾವ'ದ ವ್‌ಗೆ ಅಂಥ ಒತ್ತಡ ಬೇಡ. ತುಟಿ ಸುಮ್ನೆ ಹತ್ತಿರ ಬಂದು ಹೋಗುತ್ತದೆ, ಅಂಗುಳಿಗೆ ಅವಸರವಿಲ್ಲ, ಮೂಗು ವ್‌ವರೆಗೂ ಹರಡಬಹುದು. 'ಮಾಮ' ಅಂದರೆ ಇನ್ನೂ ಜಾಸ್ತಿ. ಮುಂದೆ ಇನ್ನೊಂದು ಮ್ ಕಾದಿರುವಾಗ ನಡುವೆ ಅಂಗುಳು ಪೂರಾ ಏಳುವುದೇ ಇಲ್ಲ. ಮ್ ಸ್ವರದ ಆಚೆ ಇದ್ದರೂ ಹೀಗಾಗುತ್ತದೆ. 'ಆಮೆ' ಅನ್ನುವಾಗ ಮ್ ಬರುವ ಮೊದಲೇ ಅಂಗುಳು ಇಳಿಯಲು ಶುರು ಮಾಡಿರುತ್ತದೆ.

ಹಾಗಾದರೆ ನಮಗೆ ದಿನಾ ಯಾಕೆ ಕೇಳಿಸುವುದಿಲ್ಲ? ಪಕ್ಕದಲ್ಲಿ ಮ್ ಕೇಳುತ್ತಿರುವಾಗ ಕಿವಿ ಆ ಮೂಗನ್ನೆಲ್ಲ ಮ್‌ನ ಲೆಕ್ಕಕ್ಕೇ ಹಾಕಿಬಿಡುತ್ತದೆ. ನೀವು ಮ್ ಕತ್ತರಿಸಿದಿರಿ, ಲೆಕ್ಕ ಹಾಕಲು ಏನೂ ಉಳಿಯಲಿಲ್ಲ, ಆಗ ಕೇಳಿಸಿತು. ಹಾಗಾಗಿ ಕತ್ತರಿಸಿ ಕೇಳಿದರೆ ಇದ್ದೇ ಇರುತ್ತದೆ, ಅದರಿಂದ ತಪ್ಪು ಅಂತ ಹೇಳಲಾಗದು.

ತಪ್ಪೋ ಅಲ್ಲವೋ ತಿಳಿಯಲು ಮೂಗಿನಕ್ಷರ ಒಂದೂ ಇಲ್ಲದ ಸಾಲು ಬೇಕು. "ಕಾಗೆ ಕಾಲು ಕಪ್ಪು" ಅನ್ನಿ. ಹೇಳಲು ಶುರು ಮಾಡಿದ ಮೇಲೆ ಸಣ್ಣ ಕನ್ನಡಿಯನ್ನು ಮೂಗಿನ ಕೆಳಗೆ ಹಿಡಿಯಿರಿ, ಮುಗಿಯುವ ಮೊದಲೇ ತೆಗೆಯಿರಿ. ಇಲ್ಲವಾದರೆ ಉಸಿರಿಗೇ ಮಂಜು ಕಟ್ಟುತ್ತದೆ. ಕನ್ನಡಿ ಮಸುಕಾಗದಿದ್ದರೆ ಅಂಗುಳು ಚೆನ್ನಾಗಿ ಮುಚ್ಚುತ್ತಿದೆ. ಪ್ರತಿ ಸಲವೂ ಮಸುಕಾದರೆ ತೋರಿಸಿಕೊಳ್ಳಬೇಕು. ಅಂಗುಳು ಸೀಳಿರುವ ಮಕ್ಕಳಲ್ಲಿ ನಾವು ನೋಡುವುದು ಅದನ್ನೇ. 'ಮಾವ' ಹೇಳಿ ಕನ್ನಡಿ ಹಿಡಿದರೆ ಉಪಯೋಗವಿಲ್ಲ, ಮ್ ಒಂದೇ ಅದನ್ನು ಮಸುಕು ಮಾಡುತ್ತದೆ.

ಸುಮಾ

ನಾಗರತ್ನಕ್ಕ, ಈಗಷ್ಟೇ ಮಾಡಿದೆ. ಕಾಗೆಯ ಸಾಲು ಐದು ಸಲ, ಕನ್ನಡಿ ಒಂದು ಸಲವೂ ಮಸುಕಾಗಲಿಲ್ಲ. ಎದೆ ಹಗುರವಾಯಿತು. ಹಳೆಯ ರೆಕಾರ್ಡಿಂಗ್‌ನಿಂದ 'ಮಾತು' ಹುಡುಕಿ ಅದರ ಆ ಕತ್ತರಿಸಿದೆ. ನೀವು ಹೇಳಿದ ಹಾಗೆ ಮೊದಲು ಆಂ, ಕೊನೆಗೆ ಆ. 'ಮಾವ'ದಲ್ಲಿ ಕೊನೆಯವರೆಗೂ ಆಂ.

ಇನ್ನೊಂದು ಕಂಡುಕೊಂಡೆ. ವಾಪಸ್ ಬಂದ ಕಥೆಯನ್ನು ಮೈಕನ್ನು ಮೂಗಿನ ಕೆಳಗೇ ಹತ್ತಿರ ಇಟ್ಟು ಓದಿದ್ದೆ. ಬಾಯಿಯ ಪಕ್ಕಕ್ಕೆ ಸರಿಸಿ ಓದಿದರೆ ಸ್ವಲ್ಪ ಕಡಿಮೆ ಅನಿಸುತ್ತದೆ. ಅವರು ಒಪ್ಪುತ್ತಾರೋ ನೋಡಬೇಕು. ಹೆಸರಿನ ಪ್ರಶ್ನೆ ಹಾಗೇ ಉಳಿಯಿತು.

ರಾಜಶೇಖರ

ಮೂಗು ಹಿಡಿದು ಹೇಳಿ ನೋಡಿದೆ, ಬಾವನೇ ಬಂದ. ಶೀತದ ಮಾತು ವಾಪಸ್ ತಗೊಂಡೆ ತಾಯಿ.

ಹೆಸರಿಗೆ ಬಂದರೆ, ಪಾಣಿನಿಯ ಸೂತ್ರ 'ಮುಖನಾಸಿಕಾವಚನೋऽನುನಾಸಿಕಃ'. ಬಾಯಿ ಮೂಗು ಎರಡರಿಂದಲೂ ನುಡಿದದ್ದು ಅನುನಾಸಿಕ. ಅದು ವ್ಯಂಜನವೇ ಆಗಬೇಕು ಅಂತ ಅಲ್ಲಿಲ್ಲ. ಐದು ಅಕ್ಷರಕ್ಕೆ ಕಟ್ಟಿಹಾಕಿದವರು ನಮ್ಮಂಥ ಮೇಷ್ಟ್ರುಗಳು. 'ಅನುನಾಸಿಕ ಸ್ವರ' ಅನ್ನಿ, ಸಾಕು.

ನಾಗರತ್ನ

ಕೊಂಕಣಿಯ ತೆಂ‌ಗೆ ಆ ಹೆಸರು ಸರಿ ಸರ್. ಆದರೆ ಮಾವನ ಆ‌ಗೂ ಅದೇ ಹೆಸರಿಟ್ಟರೆ ಕನ್ನಡದಲ್ಲೂ ಅಂಥ ಬೇರೆ ಸ್ವರ ಇದೆ ಅಂತ ಓದುವವರು ತಿಳಿಯುತ್ತಾರೆ. ನಾನು ಅಪ್ಪ ಅಮ್ಮಂದಿರಿಗೆ ಹೇಳುವಾಗ 'ಮೂಗು ಸೋಕಿದ ಸ್ವರ' ಅನ್ನುತ್ತೇನೆ.

ಪ್ರೆಸಿಲ್ಲಾ

ಹಾಗಾದರೆ 'ಹ್ಞೂಂ' ಯಾವ ಗುಂಪಿಗೆ? ಕನ್ನಡದವರು ದಿನಕ್ಕೆ ನೂರು ಸಲ ಹೇಳುತ್ತೀರಿ. ಪಕ್ಕದಲ್ಲಿ ಮ್ ಇಲ್ಲ, ನ್ ಇಲ್ಲ, ಆದರೂ ಊ ಪೂರ್ತಿ ಮೂಗಿನಲ್ಲೇ ಇದೆಯಲ್ಲ?